ಅರವತ್ತು ಫಾರಂ, ಐವತ್ತೊಂದು ಉತ್ತರ

ಹಳ್ಳಿಯಲ್ಲಿ ಮನೆ ಮನೆಗೆ ಹೋಗಿ ಪೆನ್ನಿನಲ್ಲಿ ತುಂಬಿಸಿದ ಸಮೀಕ್ಷೆ ಫಾರಂಗಳನ್ನು ಮೊಬೈಲಿನಲ್ಲಿ ಫೋಟೊ ತೆಗೆದು ಕಳಿಸುವುದು ಈಗ ಸಾಮಾನ್ಯ. ಅವನ್ನು ತೆರೆದು ಎಣಿಸಿ ಒಂದು ಪುಟದ ಸಾರಾಂಶ ಬರೆಯುವವರಿಗೆ ಕೂಡುವ ಲೆಕ್ಕ ಕಷ್ಟವಲ್ಲ. ಅರ್ಧ ಅಳಿಸಿದ ಉತ್ತರವನ್ನು ಏನೆಂದು ಬರೆದುಕೊಳ್ಳಬೇಕು ಎಂಬುದೇ ಕಷ್ಟ.

ಪಾವಗಡದ ಕಡೆ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಆ ನೀರನ್ನು ಕುದಿಸಿದರೂ ಫ್ಲೋರೈಡ್ ಹೋಗುವುದಿಲ್ಲ. ಹಾಗಾಗಿ ಯಾವ ಮನೆಯವರು ಶುದ್ಧ ನೀರಿನ ಘಟಕದಿಂದ ತರುತ್ತಾರೆ, ಯಾರು ಕೊಳವೆಬಾವಿಯ ನೀರನ್ನೇ ಕುಡಿಯುತ್ತಾರೆ ಎಂಬುದು ಮುಖ್ಯ. ಅಂಥ ಒಂದು ಊರಿನಿಂದ 63 ಫೋಟೊ ಬಂದಿವೆ ಎಂದು ಕಲ್ಪಿಸಿಕೊಳ್ಳೋಣ.

ಮೊದಲ ಕೆಲಸ ಫೋಟೊ ಎಣಿಸುವುದಲ್ಲ, ಫಾರಂ ಎಣಿಸುವುದು. ಕೈ ಅಲುಗಿತೆಂದು ಒಂದೇ ಹಾಳೆಯನ್ನು ಎರಡು ಸಲ ತೆಗೆದಿರುತ್ತಾರೆ. ಮೇಲಿನ ಕ್ರಮಸಂಖ್ಯೆ ಹೋಲಿಸಿದಾಗ ಇಲ್ಲಿ ಮೂರು ಜೋಡಿ ಸಿಕ್ಕವು, ಉಳಿದದ್ದು 60 ಫಾರಂ. ಮುಂದಿನ ಪ್ರತಿಯೊಂದು ಪ್ರಶ್ನೆಯ ಲೆಕ್ಕವೂ ಕೂಡಿದರೆ ಈ 60ಕ್ಕೇ ಬರಬೇಕು. ಬಾರದಿದ್ದರೆ ಎಲ್ಲೋ ಒಂದು ಹಾಳೆ ತಪ್ಪಿದೆ ಅಥವಾ ಎರಡು ಸಲ ಸೇರಿದೆ.

ಆಮೇಲೆ ಒಂದು ಫಾರಂಗೆ ಒಂದು ಸಾಲಿನಂತೆ ಪಟ್ಟಿ ಮಾಡಬೇಕು. ಪಕ್ಕದಲ್ಲೇ ಫೋಟೊದ ಹೆಸರಿದ್ದರೆ ಅನುಮಾನ ಬಂದಾಗ ಹಿಂದಕ್ಕೆ ಹೋಗಿ ನೋಡಬಹುದು. ಉತ್ತರ ಸಿಗದ ಕಡೆ ಎರಡು ಬೇರೆ ಗುರುತು ಬೇಕು: ಏನನ್ನೂ ಬರೆಯದಿದ್ದರೆ ‘ಖಾಲಿ’, ಬರೆದಿದ್ದು ಕಾಣದಿದ್ದರೆ ‘ಓದಲಾಗದು’. ಮೊದಲನೆಯದರಲ್ಲಿ ಉತ್ತರವೇ ದಾಖಲಾಗಿಲ್ಲ. ಎರಡನೆಯದರಲ್ಲಿ ಉತ್ತರ ಕಾಗದದ ಮೇಲೆ ಇದೆ, ಇನ್ನೊಂದು ಫೋಟೊ ತರಿಸಿದರೆ ಸಿಗಬಹುದು. ಎರಡರಲ್ಲೂ ಸೊನ್ನೆ ಹಾಕುವಂತಿಲ್ಲ. ದಿನಕ್ಕೆ ಎಷ್ಟು ಬಿಂದಿಗೆ ಎಂಬ ಕಡೆ ಸೊನ್ನೆ ಬಿದ್ದರೆ ಕಂಪ್ಯೂಟರು ಅದನ್ನೂ ಸೇರಿಸಿ ಸರಾಸರಿ ಇಳಿಸುತ್ತದೆ.

ಕೈಬರಹದ ಕನ್ನಡ ಅಂಕಿಗಳಲ್ಲಿ ೬ ಮತ್ತು ೯, ೦ ಮತ್ತು ೧ ಸುಲಭವಾಗಿ ಅದಲುಬದಲಾಗುತ್ತವೆ. ಇಬ್ಬರು ಬೇರೆ ಬೇರೆಯಾಗಿ ಓದಿ ಹೋಲಿಸಿದರೆ ಇಂಥವು ಹೊರಬೀಳುತ್ತವೆ. ಮತ್ತೊಮ್ಮೆ ನೋಡಿದರೂ ಒಮ್ಮತ ಬಾರದ್ದು ‘ಓದಲಾಗದು’ ಸಾಲಿಗೆ ಸೇರಬೇಕು. ಒಂದು ವಿನಾಯಿತಿ ಉಂಟು. ಮನೆಯಲ್ಲಿ ಒಟ್ಟು 5 ಜನ, ಗಂಡಸರು 3 ಎಂದು ಸ್ಪಷ್ಟವಿದ್ದು ಹೆಂಗಸರ ಅಂಕಿ ಮಾತ್ರ ಅಳಿಸಿದ್ದರೆ, ಅದು 2 ಎನ್ನುವುದು ಊಹೆಯಲ್ಲ, ಲೆಕ್ಕ. ಆದರೂ ‘ಲೆಕ್ಕದಿಂದ ಬಂದದ್ದು’ ಎಂದು ಗುರುತಿರಲಿ. ನೀರು ಎಲ್ಲಿಂದ ಎಂಬ ಉತ್ತರವನ್ನು ಪಕ್ಕದ ಮನೆಯ ಫಾರಂ ನೋಡಿ ತುಂಬಿದರೆ ಅದು ಊಹೆಯೇ.

ನಮ್ಮ 60ರಲ್ಲಿ ನೀರಿನ ಮೂಲ ಓದಲು ಸಿಕ್ಕಿದ್ದು 51ರಲ್ಲಿ: ಶುದ್ಧ ನೀರಿನ ಘಟಕ 34, ಕೊಳವೆಬಾವಿ 12, ಟ್ಯಾಂಕರ್ 5. ಖಾಲಿ 3, ಓದಲಾಗದ್ದು 6. ‘ಶೇ 67 ಮನೆಗಳು ಘಟಕದ ನೀರು ಕುಡಿಯುತ್ತವೆ’ ಎಂದಷ್ಟೇ ಬರೆದರೆ ಆ 9 ಮನೆಗಳು ಸದ್ದಿಲ್ಲದೆ ಮಾಯವಾಗುತ್ತವೆ. ಆ 9ರಲ್ಲಿ ಯಾರೂ ಘಟಕಕ್ಕೆ ಹೋಗದಿದ್ದರೆ 60ರಲ್ಲಿ 34, ಅಂದರೆ ಶೇ 57. ಎಲ್ಲರೂ ಹೋದರೆ 43, ಅಂದರೆ ಶೇ 72. ಇಡೀ 60 ಮನೆಗಳ ನಿಜ ಈ ಎರಡರ ನಡುವೆ ಎಲ್ಲೋ ಇದೆ.

ಆ ಆರು ಓದಲಾಗದ ಫಾರಂಗಳು ಎಲ್ಲಿಯವು ಎಂದೂ ನೋಡಬೇಕು. ಐದು ಒಂದೇ ಹಟ್ಟಿಯವು; ಸಂಜೆ ಬೆಳಕು ಇಳಿದ ಮೇಲೆ ತೆಗೆದ ಫೋಟೊಗಳು. ಆ ಹಟ್ಟಿಯಲ್ಲಿ ಒಟ್ಟು 11 ಮನೆ. ಓದಲು ಸಿಕ್ಕ ಆರರಲ್ಲಿ ಐದು ಮನೆಯವರು ಕೊಳವೆಬಾವಿಯ ನೀರನ್ನೇ ಕುಡಿಯುತ್ತಾರೆ, ಘಟಕಕ್ಕೆ ಹೋಗುವುದು ಒಂದೇ ಮನೆ. ಊರಿನಲ್ಲಿ ಹೆಚ್ಚಿನವರು ಘಟಕಕ್ಕೆ ಹೋಗುತ್ತಾರಲ್ಲ ಎಂದು ಐದು ಫಾರಂಗೂ ‘ಘಟಕ’ ಎಂದು ತುಂಬಿದ್ದರೆ, ಹಟ್ಟಿಯ ಅರ್ಧಕ್ಕಿಂತ ಹೆಚ್ಚು ಮನೆಗಳಿಗೆ ಶುದ್ಧ ನೀರು ಸಿಗುತ್ತಿದೆ ಎಂಬ ಸಾರಾಂಶ ಪಂಚಾಯಿತಿಗೆ ಹೋಗುತ್ತಿತ್ತು. ಘಟಕದ ನೀರು ಎಲ್ಲಿಗೆ ತಲುಪುತ್ತಿಲ್ಲವೋ ಅಲ್ಲಿಯೇ ಅದು ಮರೆಯಾಗುತ್ತಿತ್ತು.

ಹಾಗೆಂದು ಆರು ಮನೆ ನೋಡಿ ‘ಹಟ್ಟಿಯಲ್ಲಿ ಯಾರೂ ಘಟಕಕ್ಕೆ ಹೋಗುವುದಿಲ್ಲ’ ಎನ್ನಲೂ ಬಾರದು. ಬರೆಯಬಹುದಾದದ್ದು ಇಷ್ಟು: ‘ಹಟ್ಟಿಯ 11 ಮನೆಗಳಲ್ಲಿ 6ರ ಉತ್ತರ ಓದಲಾಯಿತು, 5 ಕೊಳವೆಬಾವಿ, 1 ಘಟಕ. ಉಳಿದ 5 ಓದಲಾಗಲಿಲ್ಲ.’ ಇದರಿಂದ ಮುಂದಿನ ಕೆಲಸವೂ ನಿಗದಿಯಾಗುತ್ತದೆ. ಮೊದಲು ಆ ಆರು ಮೂಲ ಕಾಗದಗಳನ್ನು ಹಗಲಿನಲ್ಲಿ ನೋಡಬೇಕು. ಅಲ್ಲೂ ಕಾಣದಿದ್ದರೆ ಆ ಮನೆಗಳಿಗೆ, ಜೊತೆಗೆ ಖಾಲಿ ಬಿಟ್ಟ ಮೂರು ಮನೆಗಳಿಗೆ, ಮತ್ತೆ ಹೋಗಿ ಕೇಳಬೇಕು. ಉಳಿದ 51 ಮನೆಯವರ ಬಾಗಿಲು ಬಡಿಯುವ ಅಗತ್ಯವಿಲ್ಲ.