ಮೂವತ್ತಾರೋ, ಒಂದೋ?

ನಮ್ಮ ಪಕ್ಕದ ಮನೆಯವರು ಬ್ಯಾಂಕಿನಿಂದ ನಿವೃತ್ತರಾಗಿ ಎಂಟು ವರ್ಷವಾದರೂ ಬೀದಿಯವರಿಗೆಲ್ಲ ಇನ್ನೂ ಮ್ಯಾನೇಜರೇ. ನಾಲ್ಕು ವರ್ಷದ ಹಿಂದೆ ಅವರಿಗೆ ಹೃದಯಾಘಾತವಾಗಿ ಸ್ಟೆಂಟ್ ಹಾಕಿದ್ದರು. ಅವತ್ತಿನಿಂದ ದಿನಾ ರಾತ್ರಿ ಕೊಲೆಸ್ಟರಾಲಿನ ಮಾತ್ರೆ ತಪ್ಪಿಸಿದವರಲ್ಲ. ಮೊನ್ನೆ ಬೆಳಿಗ್ಗೆ ಕಾಫಿ ಹೊತ್ತಿಗೆ ಮೊಬೈಲ್ ಹಿಡಿದು ಬಂದರು. ವಾಟ್ಸಾಪಿನಲ್ಲಿ ಯಾರೋ ಕಳಿಸಿದ ಒಂದು ಹಳೆಯ ಅಮೆರಿಕನ್ ಜಾಹೀರಾತು. ಅದರ ಕೆಳಗೆ ‘ಇದು ಮೋಸ, ಲಾಭ ಬರೀ ಒಂದು ಪರ್ಸೆಂಟ್, ಮಾತ್ರೆ ಬಿಡಿ’ ಎಂಬ ಉಪದೇಶ.

“ನೀವು ವೈದ್ಯಕೀಯ ಕಾಲೇಜಿನಲ್ಲಿ ಇದೇ ಲೆಕ್ಕ ಪಾಠ ಮಾಡ್ತೀರಲ್ಲ. ಮೂವತ್ತಾರೋ, ಒಂದೋ? ಎರಡರಲ್ಲಿ ಒಂದು ಸುಳ್ಳಿರಲೇಬೇಕು” ಎಂದರು.

ಎರಡೂ ನಿಜ. ಪೇಚಿರುವುದೇ ಅಲ್ಲಿ.

ಆ ಜಾಹೀರಾತು ಲಿಪಿಟಾರ್ ಎಂಬ ಮಾತ್ರೆಯದು. ಅದರೊಳಗಿನ ಔಷಧ ಅಟಾರ್ವಾಸ್ಟ್ಯಾಟಿನ್. ದಪ್ಪಕ್ಷರದಲ್ಲಿ ಹೃದಯಾಘಾತದ ಅಪಾಯ ಶೇಕಡ 36ರಷ್ಟು ತಗ್ಗುತ್ತದೆ ಎಂದಿದೆ, ಪಕ್ಕದಲ್ಲೊಂದು ನಕ್ಷತ್ರದ ಗುರುತು. ಆ ನಕ್ಷತ್ರದ ಬೆನ್ನು ಹತ್ತಿ ಕೆಳಗೆ ಹೋದರೆ ಸಣ್ಣಕ್ಷರದಲ್ಲಿ ಸಿಗುವುದು ಇದು: ಹುಸಿಮಾತ್ರೆ ತೆಗೆದುಕೊಂಡವರಲ್ಲಿ ಶೇಕಡ 3 ಮಂದಿಗೆ ಹೃದಯಾಘಾತವಾಯಿತು, ಔಷಧ ತೆಗೆದುಕೊಂಡವರಲ್ಲಿ ಶೇಕಡ 2 ಮಂದಿಗೆ.

“ಸರ್, ಬ್ಯಾಂಕಿನಲ್ಲಿ ಬಡ್ಡಿ ಮೂರರಿಂದ ಎರಡಕ್ಕೆ ಇಳಿದರೆ ಏನಂತಿದ್ರಿ?” ಎಂದು ಕೇಳಿದೆ.

“ಒಂದು ಪರ್ಸೆಂಟ್ ಇಳಿಸಿದ್ದಾರೆ ಅಂತ.”

“ಮೂರು ಪಾಲಿನಲ್ಲಿ ಒಂದು ಪಾಲು ಹೋಯಿತು, ಅಂದರೆ ಬಡ್ಡಿ ಶೇಕಡ 33ರಷ್ಟು ಇಳಿಯಿತು ಅಂತ ಬೋರ್ಡು ಬರೆಸಿದ್ದರೆ?”

ಅವರು ನಕ್ಕರು. “ಲೆಕ್ಕ ತಪ್ಪಲ್ಲ. ಆದರೆ ಗಿರಾಕಿಗಳು ಜಗಳಕ್ಕೆ ಬರ್ತಿದ್ರು.”

ಇಷ್ಟೇ ವ್ಯತ್ಯಾಸ. ಅಪಾಯ ಮೂರರಿಂದ ಎರಡಕ್ಕೆ ಬಂದಾಗ ಒಂದನ್ನು ಇನ್ನೊಂದರಿಂದ ಕಳೆದರೆ ಸಿಗುವುದು ನಿರಪೇಕ್ಷ ಇಳಿಕೆ. ಆ ಕಳೆದ ಮೊತ್ತವನ್ನು ಮೊದಲಿದ್ದ ಅಪಾಯಕ್ಕೆ ಹೋಲಿಸಿ ಎಷ್ಟನೇ ಪಾಲು ಎಂದು ಹೇಳಿದರೆ ಅದು ಸಾಪೇಕ್ಷ ಇಳಿಕೆ. ದುಂಡು ಮಾಡದೆ ಮೂಲ ಅಂಕಿಗಳಲ್ಲೇ ಲೆಕ್ಕ ಹಾಕಿದರೆ ಇನ್ನೂ ಸ್ಪಷ್ಟವಾಗುತ್ತದೆ ಎಂದು ಅವರ ಹಳೆಯ ಡೈರಿಯ ಹಿಂಬದಿ ಹಾಳೆಯಲ್ಲೇ ಬರೆದು ತೋರಿಸಿದೆ.

ಜಾಹೀರಾತಿನ ಹಿಂದಿರುವ ಪ್ರಯೋಗದ ಹೆಸರು ಆಸ್ಕಾಟ್. ಅದರ ಕೊಲೆಸ್ಟರಾಲ್ ಭಾಗದ ಫಲಿತಾಂಶ 2003ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಸೇರಿದವರೆಲ್ಲ 40ರಿಂದ 79 ವಯಸ್ಸಿನವರು. ರಕ್ತದೊತ್ತಡವಿದ್ದವರು, ಅದರ ಜೊತೆಗೆ ಧೂಮಪಾನ, ಮಧುಮೇಹದಂಥ ಇನ್ನೂ ಮೂರಾದರೂ ಅಪಾಯದ ಅಂಶಗಳಿದ್ದವರು. ಕೊಲೆಸ್ಟರಾಲ್ ಮಾತ್ರ ಅಂಥ ಮಿತಿಮೀರಿರಲಿಲ್ಲ. 5,168 ಜನರಿಗೆ ದಿನಕ್ಕೆ 10 ಮಿಲಿಗ್ರಾಂ ಔಷಧ, 5,137 ಜನರಿಗೆ ನೋಡಲು ಹಾಗೇ ಇರುವ ಹುಸಿಮಾತ್ರೆ. ಸುಮಾರು 3.3 ವರ್ಷ ಕಳೆಯುವ ಹೊತ್ತಿಗೆ ಔಷಧದ ಗುಂಪಿನಲ್ಲಿ 100 ಮಂದಿಗೆ, ಹುಸಿಮಾತ್ರೆಯ ಗುಂಪಿನಲ್ಲಿ 154 ಮಂದಿಗೆ ಹೃದಯಾಘಾತವೋ ಹೃದ್ರೋಗದ ಸಾವೋ ಆಗಿತ್ತು.

ಸಾವಿರದ ಲೆಕ್ಕಕ್ಕೆ ತಂದರೆ ಹುಸಿಮಾತ್ರೆಯಲ್ಲಿ 30, ಔಷಧದಲ್ಲಿ 19.4. ಕಳೆದರೆ 10.6. ಅಂದರೆ ಸಾವಿರ ಜನ ಮೂರು ವರ್ಷಕ್ಕೆ ಮೇಲ್ಪಟ್ಟು ಮಾತ್ರೆ ನುಂಗಿದರೆ ಹತ್ತು-ಹನ್ನೊಂದು ಮಂದಿಗೆ ಆಘಾತ ತಪ್ಪುತ್ತದೆ. ಇದು ಶೇಕಡ 1.06ರ ನಿರಪೇಕ್ಷ ಇಳಿಕೆ. ಅದೇ 10.6ನ್ನು 30ರಿಂದ ಭಾಗಿಸಿದರೆ ಶೇಕಡ 35 ಚಿಲ್ಲರೆ. ಯಾರಿಗೆ ಎಷ್ಟು ಕಾಲವಾದ ಮೇಲೆ ಆಘಾತವಾಯಿತು ಎಂಬುದನ್ನೂ ಗಣನೆಗೆ ತೆಗೆದುಕೊಂಡು ಸಂಶೋಧಕರು ಹಾಕಿದ ಲೆಕ್ಕದಲ್ಲಿ ಅದು 36 ಆಯಿತು.

“ಹಾಗಾದ್ರೆ ಈ ಎನ್‌ಎನ್‌ಟಿ ಅಂತ ಬರೆದಿದ್ದಾರಲ್ಲ, ಅದೇನು?”

ಒಬ್ಬರಿಗೆ ಪ್ರಯೋಜನವಾಗಬೇಕಾದರೆ ಎಷ್ಟು ಜನರಿಗೆ ಚಿಕಿತ್ಸೆ ಕೊಡಬೇಕು ಎಂಬ ಸಂಖ್ಯೆ ಅದು. 1988ರಲ್ಲಿ ಲಪಾಸಿಸ್, ಸ್ಯಾಕೆಟ್, ರಾಬರ್ಟ್ಸ್ ಎಂಬ ಮೂವರು ಇದನ್ನು ಮುಂದಿಟ್ಟರು. ಲೆಕ್ಕ ತುಂಬ ಸುಲಭ. ಸಾವಿರ ಜನರಲ್ಲಿ 10.6 ಮಂದಿಗೆ ಲಾಭವಾದರೆ ಒಬ್ಬರ ಲಾಭಕ್ಕೆ 1000ವನ್ನು 10.6ರಿಂದ ಭಾಗಿಸಬೇಕು. ಬರುವುದು 94.

ಈ 94ನ್ನು ಕೇಳಿದವರು ‘ಉಳಿದ 93 ಜನಕ್ಕೆ ಮಾತ್ರೆ ಕೆಲಸ ಮಾಡಲಿಲ್ಲ’ ಎನ್ನುತ್ತಾರೆ. ಹಾಗಲ್ಲ. ಆ 94 ಜನರಲ್ಲಿ 91 ಮಂದಿಗೆ ಮಾತ್ರೆ ಇಲ್ಲದಿದ್ದರೂ ಆ ಅವಧಿಯಲ್ಲಿ ಏನೂ ಆಗುತ್ತಿರಲಿಲ್ಲ. ಸುಮಾರು ಮೂವರಿಗೆ ಆಗುವುದಿತ್ತು. ಅವರಲ್ಲಿ ಒಬ್ಬರಿಗೆ ತಪ್ಪಿತು, ಇಬ್ಬರಿಗೆ ಮಾತ್ರೆ ನುಂಗಿಯೂ ತಪ್ಪಲಿಲ್ಲ. ಆ ಒಬ್ಬರು ಯಾರು ಎಂದು ಮೊದಲೂ ಗೊತ್ತಿರುವುದಿಲ್ಲ, ಆಮೇಲೂ ಗೊತ್ತಾಗುವುದಿಲ್ಲ. ಅದಕ್ಕೇ ಎಲ್ಲರೂ ನುಂಗಬೇಕಾಗಿದೆ.

ಇನ್ನೊಂದು ಮಾತು. 94 ಎಂಬುದು ಕಲ್ಲಿನಲ್ಲಿ ಕೆತ್ತಿದ ಸಂಖ್ಯೆಯಲ್ಲ. 100 ಮತ್ತು 154 ಎಂಬ ಎಣಿಕೆಗಳಲ್ಲಿ ಆಕಸ್ಮಿಕದ ಪಾಲೂ ಇರುತ್ತದೆ. ಆ ಅನಿಶ್ಚಿತತೆಯನ್ನು ಸೇರಿಸಿ ನಾನೇ ಲೆಕ್ಕ ಹಾಕಿದರೆ ನಿಜವಾದ ಸಂಖ್ಯೆ ಸುಮಾರು 60ರಿಂದ 215ರ ನಡುವೆ ಎಲ್ಲಾದರೂ ಇರಬಹುದು. ಅದೇ ಪ್ರಯೋಗದ ಒಟ್ಟು ಸಾವುಗಳನ್ನು ನೋಡಿ: ಔಷಧದ ಗುಂಪಿನಲ್ಲಿ 185, ಇನ್ನೊಂದರಲ್ಲಿ 212. ಇಲ್ಲೂ ಭಾಗಾಕಾರ ಮಾಡಿ ‘183 ಜನರಿಗೆ ಮಾತ್ರೆ ಕೊಟ್ಟರೆ ಒಬ್ಬರ ಜೀವ ಉಳಿಯುತ್ತದೆ’ ಎನ್ನಲು ಕ್ಯಾಲ್ಕುಲೇಟರ್ ಅಡ್ಡ ಬರುವುದಿಲ್ಲ. ಆದರೆ ಈ ಅಂತರ ಬರೀ ಆಕಸ್ಮಿಕದಿಂದಲೂ ಬರಬಹುದಾದಷ್ಟು ಚಿಕ್ಕದು. ಔಷಧದಿಂದ ಸಾವು ತಗ್ಗಿತೆಂದು ಈ ಪ್ರಯೋಗವೊಂದನ್ನೇ ನೆಚ್ಚಿ ಹೇಳಲಾಗದು. ಅಂಥ ಕಡೆ ಎನ್‌ಎನ್‌ಟಿ ಕೊಡುವವರನ್ನು ನಂಬಬೇಡಿ. ಸಂಖ್ಯೆಯ ಜೊತೆಗೆ ‘ಏನು ತಪ್ಪಿಸಲು, ಎಷ್ಟು ವರ್ಷದಲ್ಲಿ’ ಎಂದು ಹೇಳದವರನ್ನೂ ಅಷ್ಟೇ.

“ಅಂದ್ರೆ ವಾಟ್ಸಾಪಿನವನು ಹೇಳಿದ್ದೇ ಸರಿ. ನೂರರಲ್ಲಿ ಒಬ್ಬನಿಗೆ. ನಾನು ಬಿಟ್ಟುಬಿಡ್ಲಾ?”

ಲೋಟ ಕೆಳಗಿಟ್ಟೆ. ನಿಜವಾದ ಅಪಾಯವಿದ್ದದ್ದು ಈ ಪ್ರಶ್ನೆಯಲ್ಲಿ.

ಆಸ್ಕಾಟಿಗೆ ಸೇರಿದವರು ಅಲ್ಲಿಯವರೆಗೆ ಹೃದಯಾಘಾತದ ಪೆಟ್ಟು ತಿಂದವರಲ್ಲ. ನಮ್ಮ ಮ್ಯಾನೇಜರು ತಿಂದವರು. ಅವರಂಥವರ ಮೇಲೆ ನಡೆದ ಪ್ರಯೋಗ ಬೇರೆಯೇ ಇದೆ. ಸ್ಕ್ಯಾಂಡಿನೇವಿಯದ ದೇಶಗಳಲ್ಲಿ ನಡೆದು 1994ರಲ್ಲಿ ಪ್ರಕಟವಾದ ಆ ಪ್ರಯೋಗವನ್ನು ಚಿಕ್ಕದಾಗಿ ‘ಫೋರ್ ಎಸ್’ ಎನ್ನುತ್ತಾರೆ. ಸೇರಿದವರೆಲ್ಲ ಅದಾಗಲೇ ಹೃದಯಾಘಾತವಾದವರು ಅಥವಾ ಹೃದ್ರೋಗದ ಎದೆನೋವಿದ್ದವರು. ಔಷಧ ಅದೇ ಕುಟುಂಬದ ಸಿಮ್ವಾಸ್ಟ್ಯಾಟಿನ್. ಸುಮಾರು 5.4 ವರ್ಷದಲ್ಲಿ ಹುಸಿಮಾತ್ರೆಯ 2,223 ಮಂದಿಯಲ್ಲಿ 622 ಜನರಿಗೆ, ಔಷಧದ 2,221 ಮಂದಿಯಲ್ಲಿ 431 ಜನರಿಗೆ ಹೃದಯಾಘಾತ, ಹೃದ್ರೋಗದ ಸಾವು ಮುಂತಾದ ದೊಡ್ಡ ಪೆಟ್ಟು ಬಿತ್ತು.

ಸಾವಿರಕ್ಕೆ 280 ಮತ್ತು 194. ಕಳೆದರೆ 86. ಆ 86ನ್ನು 280ಕ್ಕೆ ಹೋಲಿಸಿದರೆ ಶೇಕಡ 31. ಹೆಚ್ಚುಕಡಿಮೆ ಜಾಹೀರಾತಿನ ಹಾಗೆಯೇ ಮೂರರಲ್ಲಿ ಒಂದು ಪಾಲು. ಆದರೆ ಎನ್‌ಎನ್‌ಟಿ 94 ಅಲ್ಲ, 12. ಇಲ್ಲಿ ಒಟ್ಟು ಸಾವುಗಳೂ 256ರಿಂದ 182ಕ್ಕೆ ಇಳಿದವು. ಆ ಇಳಿಕೆ ಆಕಸ್ಮಿಕವೆನ್ನುವಂತಿರಲಿಲ್ಲ. ಸುಮಾರು 30 ಜನರು ಮಾತ್ರೆ ತೆಗೆದುಕೊಂಡರೆ ಒಬ್ಬರ ಸಾವು ತಪ್ಪಿತು.

ಔಷಧ ಅಪಾಯದಿಂದ ಕಿತ್ತುಕೊಳ್ಳುವ ಪಾಲು ಎರಡೂ ಕಡೆ ಹತ್ತಿರಹತ್ತಿರ ಒಂದೇ. ಬೇರೆಯಾಗಿದ್ದು ಮೂಲದಲ್ಲಿದ್ದ ಅಪಾಯ, ಬ್ಯಾಂಕಿನ ಭಾಷೆಯಲ್ಲಿ ಅಸಲು. ದರ ಒಂದೇ ಆದರೂ ಹತ್ತು ಸಾವಿರಕ್ಕೂ ಹತ್ತು ಲಕ್ಷಕ್ಕೂ ಬರುವ ಬಡ್ಡಿ ಒಂದೇ ಅಲ್ಲವಲ್ಲ. ವೈದ್ಯರು ನಿಮ್ಮ ವಯಸ್ಸು, ರಕ್ತದೊತ್ತಡ, ಸಕ್ಕರೆ, ಸಿಗರೇಟು ಎಲ್ಲ ನೋಡಿ ಮುಂದಿನ ಹತ್ತು ವರ್ಷದಲ್ಲಿ ಅಪಾಯ ನೂರಕ್ಕೆ 21 ಎಂದರು ಎಂದುಕೊಳ್ಳಿ. ಔಷಧ ಮೂರನೇ ಒಂದು ಪಾಲು ಕಳೆದರೆ 7 ಹೋಗುತ್ತದೆ, ಎನ್‌ಎನ್‌ಟಿ ಸುಮಾರು 14. ಅಪಾಯ ನೂರಕ್ಕೆ 3 ಇದ್ದವರಿಗೆ ಅದೇ ಮಾತ್ರೆಯಿಂದ ಹೋಗುವುದು 1, ಎನ್‌ಎನ್‌ಟಿ 100. ಇವರಲ್ಲಿ ಎರಡನೆಯವರು ‘ನನಗೆ ಬೇಡ’ ಎಂದರೆ ನಾನು ವಾದಿಸುವುದಿಲ್ಲ. ಮೊದಲನೆಯವರು ಎರಡನೆಯವರ ಲೆಕ್ಕ ಓದಿ ಮಾತ್ರೆ ಬಿಟ್ಟರೆ ವಾದಿಸುತ್ತೇನೆ.

ಹಾಗೆಂದು ಫೋರ್ ಎಸ್‌ನ 12ನ್ನು ನಮ್ಮ ಮ್ಯಾನೇಜರಿಗೆ ಹಾಗೇ ಅಂಟಿಸುವುದೂ ಸರಿಯಲ್ಲ. 1994ಕ್ಕೆ ಮುಂಚಿನ ಆ ರೋಗಿಗಳಿಗಿಂತ ಇಂದು ಸ್ಟೆಂಟು, ರಕ್ತ ತೆಳುವಾಗಿಸುವ ಮಾತ್ರೆ, ಒತ್ತಡದ ಮಾತ್ರೆ ಎಲ್ಲ ಸೇರಿ ಮೂಲ ಅಪಾಯವೇ ತಗ್ಗಿರುತ್ತದೆ. ಅವರ ಸಂಖ್ಯೆ 12ಕ್ಕಿಂತ ಹೆಚ್ಚೇ ಇದ್ದೀತು. ಆದರೆ ಲೆಕ್ಕ ಶುರುವಾಗಬೇಕಾದದ್ದು ಆ ಗುಂಪಿನಿಂದ, ಜಾಹೀರಾತಿನ ಗುಂಪಿನಿಂದಲ್ಲ.

ಈ ಗೊಂದಲ ಹೆದರಿಸುವ ಕಡೆಯಿಂದಲೂ ಬರುತ್ತದೆ. 1995ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿ, ಹೊಸ ಪೀಳಿಗೆಯ ಗರ್ಭನಿರೋಧಕ ಗುಳಿಗೆಗಳಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಎರಡು ಪಟ್ಟಾಗುತ್ತದೆ ಎಂದು ಎಚ್ಚರಿಸಿತು. ಏಳು ಸಾವಿರ ಹೆಂಗಸರಲ್ಲಿ ಒಬ್ಬರಿಗೆ ಆಗುತ್ತಿದ್ದದ್ದು ಇಬ್ಬರಿಗೆ ಆಗುತ್ತಿತ್ತು, ಅಷ್ಟೆ. ಆದರೆ ಜನರಿಗೆ ಕೇಳಿಸಿದ್ದು ‘ಎರಡು ಪಟ್ಟು’ ಮಾತ್ರ. ಗಾಬರಿಗೊಂಡು ಎಷ್ಟೋ ಮಂದಿ ಗುಳಿಗೆ ನಿಲ್ಲಿಸಿದರು. ಮರುವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಗರ್ಭಪಾತಗಳು ಅಂದಾಜು 13,000ದಷ್ಟು ಹೆಚ್ಚಿದವು.

ಲಾಭವನ್ನು ಪಾಲಿನ ಲೆಕ್ಕದಲ್ಲಿ ಹಿಗ್ಗಿಸಿ, ಅಡ್ಡಪರಿಣಾಮವನ್ನು ‘ಸಾವಿರಕ್ಕೆ ಇಷ್ಟು’ ಎಂದು ಕುಗ್ಗಿಸಿ ಒಂದೇ ಪುಟದಲ್ಲಿ ಬರೆಯುವವರೂ ಇದ್ದಾರೆ. ತಕ್ಕಡಿಯ ಎರಡೂ ತಟ್ಟೆಗೆ ಒಂದೇ ತೂಕದ ಬಟ್ಟು ಇರಬೇಕು. ಲಾಭಕ್ಕೆ ಎನ್‌ಎನ್‌ಟಿ ಇರುವಂತೆ, ಎಷ್ಟು ಜನರಿಗೆ ಔಷಧ ಕೊಟ್ಟಾಗ ಒಬ್ಬರಿಗೆ ತೊಂದರೆಯಾಗುತ್ತದೆ ಎಂಬ ಲೆಕ್ಕವೂ ಉಂಟು. ಎರಡನ್ನೂ ಅದೇ ಅವಧಿಗೆ ಕೇಳಿ ಪಡೆಯಬೇಕು.

ಮ್ಯಾನೇಜರು ಡೈರಿಯ ಹಾಳೆಯನ್ನು ಇನ್ನೊಮ್ಮೆ ನೋಡಿದರು. 94ರ ಸುತ್ತ ಒಂದು ಗೆರೆ ಎಳೆದು ‘ನನ್ನದಲ್ಲ’ ಎಂದು ಬರೆದರು. ಮುಂದಿನ ವಾರ ವೈದ್ಯರ ಹತ್ತಿರ ಹೋದಾಗ ಕೇಳಲೆಂದು ಕೆಳಗೆ ಒಂದು ಸಾಲು ಸೇರಿಸಿದರು: ‘ಈಗ ನನ್ನ ಅಸಲು ಎಷ್ಟು?’ ಅಂದು ರಾತ್ರಿಯೂ ಮಾತ್ರೆ ನುಂಗಿಯೇ ಮಲಗಿದರಂತೆ. ಮರುದಿನ ಅವರ ಮನೆಯವರು ಹೇಳಿದರು.