ಅಪ್ರೈಸಲ್ ಅಂಕ ಹುಟ್ಟುವ ಬಗೆ

ನೌಕರರ ಕೆಲಸವನ್ನು ಅಳೆಯಲು ಕಂಪನಿಯೊಂದು ಗೊತ್ತುಮಾಡುವ ಅವಧಿಗೆ ಅಪ್ರೈಸಲ್ ಸೈಕಲ್ ಎಂದು ಹೆಸರು. ಮುಂಬಯಿಯ ಫ್ರಾಪೆ ಸಂಸ್ಥೆ ರೂಪಿಸಿದ ಮುಕ್ತ ತಂತ್ರಾಂಶ ಫ್ರಾಪೆ ಎಚ್‌ಆರ್‌ನಲ್ಲಿ ಪ್ರತಿ ಹುದ್ದೆಗೂ ಒಂದು ನಮೂನೆ ಇಟ್ಟುಕೊಳ್ಳಬಹುದು. ಆ ಹುದ್ದೆಯ ಮುಖ್ಯ ಹೊಣೆಗಳು, ಅಂದರೆ ಆಫೀಸಿನ ಮಾತಿನಲ್ಲಿ ಕೆಆರ್‌ಎಗಳು, ತಮ್ಮ ತೂಕದೊಂದಿಗೆ ಅದರಲ್ಲಿರುತ್ತವೆ. ತೂಕಗಳೆಲ್ಲ ಕೂಡಿ 100 ಆಗಬೇಕು. ನೌಕರ ತನ್ನ ಗುರಿಗಳನ್ನು ಒಂದೊಂದು ಕೆಆರ್‌ಎಗೆ ಜೋಡಿಸಿ, ಕೆಲಸ ಎಷ್ಟಾಯಿತೆಂದು ಶೇಕಡಾವಾರು ನಮೂದಿಸುತ್ತಾ ಹೋಗುತ್ತಾನೆ.

ಗ್ರಾಹಕ ಸೇವಾ ವಿಭಾಗದ ಒಬ್ಬ ನೌಕರನಿಗೆ ದೂರು ಪರಿಹಾರದ ತೂಕ 60, ಹೊಸಬರ ತರಬೇತಿಯದು 40 ಎನ್ನೋಣ. ದೂರಿನ ಕೆಆರ್‌ಎಯಲ್ಲಿ ಎರಡು ಗುರಿ: ಒಂದು ಪೂರ್ತಿ, ಇನ್ನೊಂದು ಅರ್ಧ ಮುಗಿದಿದೆ. ಸರಾಸರಿ ಶೇ. 75, ಅದರ ಪಾಲು 45. ತರಬೇತಿ ಅರ್ಧ ಆಗಿದೆ, ಪಾಲು 20. ಒಟ್ಟು 65ನ್ನು 20ರಿಂದ ಭಾಗಿಸಿದರೆ 5ಕ್ಕೆ 3.25. ಮಾಮೂಲಿ ಲೆಕ್ಕದಲ್ಲಿ ಇದರ ಜೊತೆಗೆ ಸಹೋದ್ಯೋಗಿಗಳ ಅಭಿಪ್ರಾಯದ ಅಂಕ, ನೌಕರ ತನಗೆ ತಾನೇ ಕೊಟ್ಟುಕೊಂಡ ಅಂಕ ಸೇರಿ ಮೂರರ ಸರಾಸರಿಯೇ ಅಂತಿಮ ಅಂಕ. ಅವು 3.5 ಮತ್ತು 4.5 ಇದ್ದರೆ ಅಂತಿಮ 3.75. ಅದೇ ನೌಕರ ಸಂಕೋಚದಿಂದ ತನಗೆ 3 ಕೊಟ್ಟುಕೊಂಡರೆ 3.25ಕ್ಕೆ ಇಳಿಯುತ್ತದೆ. ಸ್ವಂತ ಮಾತಿಗೆ ಮೂರನೇ ಒಂದು ಪಾಲು ಕೊಡುವುದು ಹೆಚ್ಚಾಯಿತು; ಸೈಕಲ್‌ನಲ್ಲೇ ಬೇರೆ ಸೂತ್ರ ಬರೆಯಲು ಅವಕಾಶವಿರುವಾಗ ಅದನ್ನು ಬಳಸುವುದು ಮೇಲು.

ಲೆಕ್ಕ ಹೆಚ್ಚಾಗಿ ಹಳಿ ತಪ್ಪುವುದು ಗುರಿಗಳ ಪಟ್ಟಿಯಲ್ಲೇ. ಸರಾಸರಿಗೆ ಎಲ್ಲ ಗುರಿಗಳೂ ಸಮಾನ. ಮುಗಿದ ಆ ಒಂದು ಗುರಿಯನ್ನೇ ಮೂರು ಚೂರು ಮಾಡಿ ಬರೆದರೆ ದೂರಿನ ಕೆಆರ್‌ಎ ಶೇ. 75ರಿಂದ 87.5ಕ್ಕೆ ಏರುತ್ತದೆ, ಕೆಲಸ ಮಾತ್ರ ಇದ್ದಷ್ಟೇ. ಆ ಮೂರನ್ನೂ ಒಂದು ದೊಡ್ಡ ಗುರಿಯ ಕೆಳಗೆ ಹಾಕಿದರೆ ಅಂಕ ಸರಿಹೋಗುತ್ತದೆ, ಏಕೆಂದರೆ ಮೇಲಿನ ಹಂತದ ಗುರಿಗಳಷ್ಟೇ ಎಣಿಕೆಗೆ ಬರುತ್ತವೆ. ಆರ್ಕೈವ್ ಮಾಡಿದ ಗುರಿಯೂ ಎಣಿಕೆಯಿಂದ ಹೊರಗೆ ಉಳಿಯುತ್ತದೆ. ಅರ್ಧಕ್ಕೆ ನಿಂತದ್ದನ್ನು ಹಾಗೆ ಸರಿಸಿಬಿಟ್ಟರೆ ಕೆಆರ್‌ಎ ಶೇ. 100 ತೋರಿಸುತ್ತದೆ. ಅಂಕ ದಿಢೀರನೆ ಏರಿದ್ದರೆ ಮ್ಯಾನೇಜರ್ ಮೊದಲು ತೆರೆಯಬೇಕಾದದ್ದು ಆರ್ಕೈವ್ ಪಟ್ಟಿ.

ವೇಗವಾಗಿ ಬೆಳೆಯುವ ಕಂಪನಿಗೆ ಇನ್ನೊಂದು ತೊಡಕು. ಸೈಕಲ್‌ಗೆ ಸೇರುವವರ ಪಟ್ಟಿ `Get Employees` ಒತ್ತಿದ ದಿನದ್ದು. ಆಮೇಲೆ ಸೇರಿದ ಮೂವತ್ತು ಮಂದಿ ಅದರಲ್ಲಿ ತಾವಾಗಿ ಬಂದು ಕೂರುವುದಿಲ್ಲ. ಅವರಿಗಾಗಿ ಪಟ್ಟಿಯನ್ನು ಮತ್ತೆ ಪರಿಷ್ಕರಿಸಬೇಕು. ಇದು ಸೈಕಲ್ ಮುಗಿಯುವ ಮುನ್ನವೇ ಆಗಬೇಕು. ಸ್ಥಿತಿ `Completed` ಎಂದಾದ ಮೇಲೆ ಆ ಸೈಕಲ್‌ನ ಗುರಿಗಳನ್ನು ತಿದ್ದಲು ತಂತ್ರಾಂಶ ಬಿಡುವುದಿಲ್ಲ.