ಎಸ್‌4 ಎಲ್ಲಿ ನಿಲ್ಲುತ್ತದೆ?

ಹುಬ್ಬಳ್ಳಿ ನಿಲ್ದಾಣದ ಉದ್ದನೆಯ ಪ್ಲಾಟ್‌ಫಾರ್ಮ್ 1,507 ಮೀಟರ್ ಇದೆ. ಬರುವ ಅಮ್ಮನ ಬೋಗಿ ಎಲ್ಲಿ ನಿಲ್ಲುತ್ತದೆಂದು ಮೊದಲೇ ತಿಳಿಯದಿದ್ದರೆ ಇಲ್ಲಿ ಓಡಾಟವೇ ಗತಿ.

ಮನೆಯಿಂದ ಹೊರಡುವ ಮುನ್ನ ರೈಲಿನ ಸಂಖ್ಯೆ, ಬೋಗಿಯ ಸಂಖ್ಯೆ ಕೇಳಿಟ್ಟುಕೊಳ್ಳಿ. ರೈಲ್ವೆಯ NTES ಆ್ಯಪ್‌ನಲ್ಲಿ ಅಥವಾ 139ಕ್ಕೆ ಕರೆ ಮಾಡಿ ರೈಲು ಎಲ್ಲಿದೆ ಎಂದು ನೋಡಿ. ಆ್ಯಪ್ ತೋರಿಸುವ ಪ್ಲಾಟ್‌ಫಾರ್ಮ್ ಕೊನೆ ಗಳಿಗೆಯಲ್ಲಿ ಬದಲಾಗಬಹುದು. ನಿಲ್ದಾಣದ ಫಲಕ ಮತ್ತು ಘೋಷಣೆಯೇ ಅಂತಿಮ. ಒಳಹೋಗಲು 10 ರೂಪಾಯಿಯ ಪ್ಲಾಟ್‌ಫಾರ್ಮ್ ಟಿಕೆಟ್ ಬೇಕು, ಅದು ಎರಡು ಗಂಟೆ ನಡೆಯುತ್ತದೆ.

ಬೋಗಿಗಳನ್ನು ಎಂಜಿನ್ ಕಡೆಯಿಂದ ಎಣಿಸುತ್ತಾರೆ. 22 ಬೋಗಿಗಳ ರೈಲಿನಲ್ಲಿ ಅಮ್ಮನ ಎಸ್‌4 ಏಳನೆಯದು ಎಂದುಕೊಳ್ಳಿ. ದಾರಿಯ ಜಂಕ್ಷನ್‌ನಲ್ಲಿ ಎಂಜಿನ್ ಇನ್ನೊಂದು ತುದಿಗೆ ಸೇರಿದರೆ ಸಾಲು ತಿರುಗಿ ಅದು ಹದಿನಾರನೆಯದಾಗುತ್ತದೆ. ಒಂದು ಬೋಗಿ ಸುಮಾರು 24 ಮೀಟರ್. ಒಂಬತ್ತು ಬೋಗಿಯೆಂದರೆ ಇನ್ನೂರು ಮೀಟರ್‌ಗೂ ಹೆಚ್ಚು ದೂರ.

ಆದ್ದರಿಂದ ರೈಲು ಹತ್ತಿರವಾದಾಗ ಪ್ಲಾಟ್‌ಫಾರ್ಮ್ ಮೇಲಿನ ವಿದ್ಯುತ್ ಫಲಕಗಳಲ್ಲಿ ‘S4’ ಹುಡುಕಿ ನಿಲ್ಲಿ. ಫಲಕ ಕೆಟ್ಟಿದ್ದರೆ ಕೂಲಿಯವರನ್ನು ಕೇಳಿ. ಯಾವ ರೈಲಿನ ಯಾವ ಬೋಗಿ ಎಲ್ಲಿ ನಿಲ್ಲುತ್ತದೆಂದು ಅವರಿಗೆ ಗೊತ್ತಿರುತ್ತದೆ.